ಸಹಾಯ ಬೇಕು: ಲೇಖಕರ ಹೆಸರನ್ನು ಯಾವ ಪದದಿಂದ ಜೋಡಿಸಬೇಕು?

ಎಲ್ಲರಿಗೂ ನಮಸ್ಕಾರ. ಗದಗದಲ್ಲಿ ನಮ್ಮ ಓಣಿಯ ಸಣ್ಣ ವಾಚನಾಲಯದ ಪುಸ್ತಕ ಪಟ್ಟಿಯನ್ನು ಎಕ್ಸೆಲ್‌ನಲ್ಲಿ ಮಾಡುತ್ತಿದ್ದೇನೆ. ಹೆಸರು ಇದ್ದ ಹಾಗೇ ಸಾರ್ಟ್ ಮಾಡಿದರೆ 'ಕೆ.', 'ಎಸ್.' ಅಂತ ಇನಿಶಿಯಲ್ ಮೇಲೆ ಗುಂಪಾಗುತ್ತದೆ, ಹುಡುಕುವವರಿಗೆ ಏನೂ ಸಿಗಲ್ಲ. ಅದಕ್ಕೆ ಕೊನೆಯ ಪದವನ್ನು ಬೇರೆ ಕಾಲಂಗೆ ತೆಗೆದೆ:

```
=TRIM(RIGHT(SUBSTITUTE(A2," ",REPT(" ",99)),99))
```

ದ.ರಾ. ಬೇಂದ್ರೆ 'ಬೇಂದ್ರೆ' ಅಂತ ಬಂತು, ಸರಿ. ಅಲ್ಲಿ 'ದ' ಅವರ ಹೆಸರು ದತ್ತಾತ್ರೇಯ, 'ರಾ' ತಂದೆ ರಾಮಚಂದ್ರ, ಕೊನೆಗೆ ಅಡ್ಡಹೆಸರು. ಕೆ.ಎಸ್. ನರಸಿಂಹಸ್ವಾಮಿ ಕೂಡ ಸರಿ ಬಂತು, ಆದರೆ ಅಲ್ಲಿ ಕೊನೆಯದು ಅವರದೇ ಹೆಸರು. ಕಿಕ್ಕೇರಿ ಊರು, ಸುಬ್ಬರಾವ್ ತಂದೆ. ಕೆ.ಎಸ್. ನಿಸಾರ್ ಅಹಮದ್ ಮಾತ್ರ 'ಅಹಮದ್' ಅಂತ ಬಂದು ಕೆಟ್ಟಿತು, 'ನಿಸಾರ್ ಅಹಮದ್' ಬೇಕಿತ್ತು ಅಲ್ವಾ? ಇನ್ನೊಂದು, ಯಾರೋ ಜಾಗ ಬಿಡದೆ 'ದ.ರಾ.ಬೇಂದ್ರೆ' ಅಂತ ಟೈಪ್ ಮಾಡಿದ ಸಾಲು ಪೂರ್ತಿ 'ದ' ಅಕ್ಷರಕ್ಕೆ ಹೋಗಿ ಕೂತಿತ್ತು. ಒಬ್ಬರೇ ಕವಿ, ಎರಡು ಕಡೆ!

ಈಗ ಹೆಸರಿನ ಕಾಲಂ ಮುಟ್ಟದೆ, ಸಾರ್ಟ್ ಕಾಲಂನಲ್ಲಿ ತಪ್ಪಿದವನ್ನು ಕೈಯಿಂದ ತಿದ್ದುತ್ತಿದ್ದೇನೆ. ಸಿಕ್ಕಿಹಾಕಿಕೊಂಡಿರುವುದು 'ಈರಣ್ಣ ಬಸಪ್ಪ' ತರಹದ ಹೆಸರಲ್ಲಿ. ಬಸಪ್ಪ ತಂದೆಯ ಹೆಸರಾದರೆ ಮಗನನ್ನು 'ಬ' ಅಕ್ಷರಕ್ಕೆ ಹಾಕುವುದು ನನಗೆ ತಪ್ಪು ಅನಿಸುತ್ತದೆ, 'ಈರಣ್ಣ' ಅಂತಲೇ ಇಡಬೇಕು. ಆದರೆ ಮುಖಪುಟ ನೋಡಿದರೆ ಅದು ತಂದೆಯದೋ ಅಡ್ಡಹೆಸರೋ ಗೊತ್ತಾಗಲ್ಲ. ಗ್ರಂಥಾಲಯದಲ್ಲಿ ಕೆಲಸ ಮಾಡಿದವರು ಇದನ್ನು ಹೇಗೆ ತೀರ್ಮಾನಿಸುತ್ತೀರಿ? ಎರಡೂ ಕಡೆ ಸಾಲು ಹಾಕಿ, ಒಂದರಲ್ಲಿ 'ಇದನ್ನು ನೋಡಿ' ಅಂತ ಬರೆಯಲೇ?