ವಾಪಸ್ ಬಾರದ 31 ಒಪ್ಪಿಗೆ ಪತ್ರಗಳು

ಎರಡನೇ ಬೆಂಚು: 8ನೇ ತರಗತಿಯಲ್ಲಿ ಸಹಪಾಠಿಗಳ ಕಾಟ ಎಷ್ಟಿದೆ ಅಂತ ತಿಳಿಯಲು ಒಂದು ಪ್ರಶ್ನಾವಳಿ ಮಾಡಿದ್ದೇನೆ. ಪೈಲಟ್‌ಗೆ ಅಂತ ಒಂದು ಶಾಲೆಯ ಎರಡು ಸೆಕ್ಷನ್‌ನ 80 ಮಕ್ಕಳ ಕೈಲಿ ಪೋಷಕರಿಗೆ ಒಪ್ಪಿಗೆ ಪತ್ರ ಕಳಿಸಿದೆ. 44 ಸಹಿಯಾಗಿ ಬಂದವು, 5 'ಬೇಡ' ಅಂತ ಬಂದವು, 31 ಬರಲೇ ಇಲ್ಲ. 'ಬೇಡ ಅನ್ನುವವರು ಮಾತ್ರ ಸಹಿ ಮಾಡಿ ಕಳಿಸಿ' ಅಂತ ಪತ್ರವನ್ನೇ ಬದಲಿಸು ಅಂತಾರೆ ಗೈಡ್. ಪ್ರೊಪೋಸಲ್‌ನಲ್ಲಿ ಹಾಗೆ ಬರೆಯಬಹುದಾ?

ಹಾಜರಿ ಪುಸ್ತಕ: ಇಷ್ಟಕ್ಕೆಲ್ಲ ಯಾಕೆ ತಲೆಬಿಸಿ? ಮುಖ್ಯ ಶಿಕ್ಷಕರ ಸಹಿ ಇದ್ದರೆ ಸಾಕು. ಶಾಲೆಯ ಹೊತ್ತಲ್ಲಿ ಮಕ್ಕಳ ಜವಾಬ್ದಾರಿ ಅವರದೇ ಅಲ್ವಾ? ನಾನಿದ್ದ ಶಾಲೆಗೆ ಎಷ್ಟೋ ಜನ ಬಂದು ಫಾರ್ಮ್ ತುಂಬಿಸಿಕೊಂಡು ಹೋಗಿದ್ದಾರೆ, ಯಾರೂ ಕೇಳಲಿಲ್ಲ.

ಲೆಕ್ಕದ ಮನುಷ್ಯ: ಪತ್ರ ಬದಲಿಸೋದೇನೂ ಬೇಡ, ಇನ್ನಷ್ಟು ಸೆಕ್ಷನ್ ಸೇರಿಸಿ. ಹೇಗಿದ್ರೂ ನಿಮಗೆ ಜಾಸ್ತಿ ಮಕ್ಕಳು ಬೇಕೇ ಬೇಕು. ಎಷ್ಟು ಮಕ್ಕಳು ಬೇಕು ಅಂತ ಹೇಳುವ ಟೇಬಲ್ ನೋಡಿ 384 ಅಂತ ಬರೆದಿರ್ತೀರಿ. ಅದು ಒಬ್ಬೊಬ್ಬರನ್ನೇ ಚೀಟಿ ಎತ್ತಿ ಆರಿಸಿದರೆ ಸರಿ. ನೀವು ಎತ್ತುತ್ತಿರೋದು ಇಡೀ ತರಗತಿ. ಒಂದೇ ತರಗತಿಯ ಮಕ್ಕಳು ಒಬ್ಬರಿಗೊಬ್ಬರು ಹೋಲುತ್ತಾರೆ. ಕಾಟ ಕೊಡುವವನೊಬ್ಬ ಇದ್ದರೆ ಇಡೀ ತರಗತಿಯ ಉತ್ತರವೇ ಬದಲಾಗುತ್ತದೆ. ಆ ಹೋಲಿಕೆಯನ್ನು 0.05 ಅಂತ ಇಟ್ಟುಕೊಂಡು, ತರಗತಿಗೆ 22 ಮಕ್ಕಳು ಸಿಕ್ಕರೆ, 384ರ ಎಷ್ಟು ಪಟ್ಟು ಬೇಕು ಅಂತ ನೋಡಿ:

```
1 + (22 - 1) × 0.05 = 2.05
384 × 2.05 ≈ 787
```

ಅಂದರೆ ಹತ್ತಿರ ಹತ್ತಿರ 36 ಸೆಕ್ಷನ್. 31 ಜನ ಬರದಿದ್ದರೆ ಬಿಡಿ, ಬೇರೆಯವರು ಸಿಕ್ತಾರೆ.

ಹಳೇ ಫೈಲು: 787ರ ಲೆಕ್ಕ ಸರಿ. 'ಬೇರೆಯವರು ಸಿಕ್ತಾರೆ' ಅನ್ನೋದು ತಪ್ಪು. ಆ ಬೇರೆಯವರೂ ಸಹಿ ಮಾಡಿ ಕಳಿಸುವ ಮನೆಯವರೇ. ಬಂದ 44ರಲ್ಲಿ 9 ಮಕ್ಕಳು 'ನನಗೆ ಕಾಟ ಇದೆ' ಅಂದರು ಅಂದುಕೊಳ್ಳಿ, ಶೇ 20 ಆಯಿತು. 'ಬೇಡ' ಅಂದವರೂ ಪತ್ರ ಬರದವರೂ ಸೇರಿ ಉಳಿದ 36ರಲ್ಲಿ 14 ಮಕ್ಕಳಿಗೆ ಕಾಟ ಇದ್ದಿದ್ದರೆ ಒಟ್ಟು 80ಕ್ಕೆ 23, ಅಂದರೆ ಶೇ 29. ಇನ್ನೂ 34 ಸೆಕ್ಷನ್ ಇದೇ ಥರ ಸೇರಿಸಿದರೂ ನಿಮಗೆ ಕಾಣೋದು 20ರ ಆಸುಪಾಸೇ. ಆ ಅಂಕಿಯ ಹಿಂದೆ ಮುಂದಿನ ಮಾರ್ಜಿನ್ ಮಾತ್ರ ಸಣ್ಣದಾಗುತ್ತದೆ, ತಪ್ಪು ಉತ್ತರದ ಮೇಲೆ ಧೈರ್ಯ ಜಾಸ್ತಿಯಾಗುತ್ತದೆ.

ಹಾಜರಿ ಪುಸ್ತಕದವರೇ, ಮುಖ್ಯ ಶಿಕ್ಷಕರ ಸಹಿ ಗೇಟು ತೆಗೆಯೋಕೆ. ಪೋಷಕರ ಸಹಿ ಬೇರೆ, ಮಗುವಿನ ಮಾತು ಬೇರೆ. ಮೂರೂ ಬೇಕು. ಯಾರೂ ಕೇಳಲಿಲ್ಲ ಅಂದರಲ್ಲ, ಕೇಳಬೇಕಾದವರಿಗೆ ಗೊತ್ತೇ ಆಗಿರಲಿಕ್ಕಿಲ್ಲ.

ಇನ್ನು ಗೈಡ್ ಹೇಳಿದ ದಾರಿ. ಓದುವ ಹವ್ಯಾಸದಂಥ ವಿಷಯಕ್ಕೆ ಕೆಲವು ಎಥಿಕ್ಸ್ ಕಮಿಟಿಗಳು ಅದನ್ನು ಒಪ್ಪುತ್ತವೆ. ನಿಮ್ಮ ಪ್ರಶ್ನೆಗಳು ಮಗುವಿಗೆ ನೋವಾಗುವಂಥವು. ಮೊದಲು ಒಂದು ಸಣ್ಣ ಕೆಲಸ ಮಾಡಿ: ಆ 31 ಮನೆಗೆ ಪತ್ರ ತಲುಪಿತ್ತಾ ಅಂತ ನೋಡಿ. ನೀವು ಫೋನ್ ಮಾಡಬೇಡಿ, ನಂಬರ್ ತೆಗೆದುಕೊಳ್ಳುವ ಹಕ್ಕು ನಿಮಗಿಲ್ಲ. ಕ್ಲಾಸ್ ಟೀಚರ್ ಮಾಡಲಿ. 'ತಲುಪಿತ್ತಾ, ನೋಡಿದ್ರಾ?' ಅಷ್ಟೇ ಕೇಳಲಿ. ಒಪ್ಪಿ ಅಂತ ಹೇಳಕೂಡದು. ನಿಮಗೆ ಕೊಡೋದು ಹೆಸರಲ್ಲ, ಬರೀ ಎಣಿಕೆ. ಮಾಡುವ ಮೊದಲು ಕಮಿಟಿಗೆ ಒಂದು ಸಾಲು ಬರೆದು ಒಪ್ಪಿಗೆ ತಗೊಳ್ಳಿ.

ನೀಲಿ ಛತ್ರಿ: ವಾರ್ಷಿಕೋತ್ಸವದ ಫೋಟೊ ವೆಬ್‌ಸೈಟಿಗೆ ಹಾಕೋಕೂ ಇದೇ ಪತ್ರ ಸಾಕಾ?

ಹಳೇ ಫೈಲು: ಇಲ್ಲ. ಇಲ್ಲಿರೋದು ಸಂಶೋಧನೆಯ ಮಾತು, ಫೋಟೊಗೆ ಬೇರೆ ಪತ್ರ ಬೇಕು.

ಇಬ್ಬರ ಅಮ್ಮ: ಟೀಚರ್ ಫೋನ್ ಮಾಡಿದರೆ ನಾನಂತೂ ಹೆದರಿ ಸಹಿ ಹಾಕ್ತೀನಿ. ನನ್ನ ಮಗಳ ಶಾಲೆಯಲ್ಲೂ ಇಂಥದ್ದೇ ಒಂದು ಸರ್ವೆ ಆಗಿತ್ತು. ನಾನು ಒಪ್ಪಿದ್ದೆ. ಆ ದಿನ ಟೀಚರ್ ಬೆಂಚುಗಳ ನಡುವೆ ಓಡಾಡಿಕೊಂಡೇ ಇದ್ದರಂತೆ. 'ನಿನಗೆ ಯಾರಾದರೂ ಹೊಡೆದಿದ್ದಾರಾ' ಅನ್ನೋ ಪ್ರಶ್ನೆ, ಪಕ್ಕದಲ್ಲೇ ಹೊಡೆಯುವ ಹುಡುಗಿ ಕೂತಿದ್ದಾಳೆ! ಎಲ್ಲದಕ್ಕೂ 'ಇಲ್ಲ' ಅಂತ ಟಿಕ್ ಹಾಕಿ ಬಂದೆ ಅಂದಳು. ಬೇಡ ಅಂದ ಮೂವರನ್ನು ಹೊರಗೆ ಕಳಿಸಿದ್ದರಂತೆ. ಆಮೇಲೆ ಅವರನ್ನೇ ಎಲ್ಲರೂ ಆಡಿಕೊಂಡರು.

ಹಳೇ ಫೈಲು: ಅಮ್ಮ ಹೇಳಿದ್ದನ್ನು ಪ್ರೊಪೋಸಲ್ ಬರೆಯುವವರೆಲ್ಲ ಓದಬೇಕು. ಟೀಚರ್ ಫೋನಿನ ಒತ್ತಡ ನಿಜ. ಶಾಲೆಯ ಆಫೀಸಿನವರು ಮಾಡಿದರೆ ಸ್ವಲ್ಪ ಕಡಿಮೆ.

ಆ ದಿನದ ವಿಷಯ ಹೀಗೆ ಬರೆಯಿರಿ. ಟೀಚರ್ ಬಾಗಿಲ ಹತ್ತಿರ ಇರಲಿ, ಕಾಗದ ಕಾಣದಷ್ಟು ದೂರ. ಬೆಂಚಿಗೆ ಒಬ್ಬರು. ಯಾರನ್ನೂ ಹೊರಗೆ ಕಳಿಸಬೇಡಿ. ಒಂದೇ ಬಣ್ಣದ, ಒಂದೇ ದಪ್ಪದ ಎರಡು ಥರದ ಪುಸ್ತಿಕೆ ಇರಲಿ. ಒಂದರಲ್ಲಿ ನಿಮ್ಮ ಪ್ರಶ್ನೆ, ಇನ್ನೊಂದರಲ್ಲಿ ಪದಬಂಧ, ಚಿತ್ರ. ಪೋಷಕರು ಬೇಡ ಅಂದವರಿಗೂ ಪತ್ರ ಬರದವರಿಗೂ ಎರಡನೆಯದು. ಮನೆಯವರು ಒಪ್ಪಿದ ಮಗುವಿಗೆ ಅವತ್ತು ಬೇಡ ಅನ್ನಿಸಿದರೂ ಖಾಲಿ ಬಿಟ್ಟು, ಹಿಂದಿನ ಪುಟದಲ್ಲಿರುವ ಪದಬಂಧ ಬಿಡಿಸಲಿ. ಆಗ ಯಾರು ಬೇಡ ಅಂದರು ಅಂತ ಯಾರಿಗೂ ತಿಳಿಯೋದಿಲ್ಲ. 'ಎಲ್ಲರೂ ರೆಡೀನಾ?' ಅಂದಾಗ 'ಹೂಂ' ಅಂತ ಕೂಗಿದ್ದನ್ನು ಮಕ್ಕಳ ಒಪ್ಪಿಗೆ ಅಂತ ಎಣಿಸಬೇಡಿ. 'ನಡುವೆ ನಿಲ್ಲಿಸಬೇಕು ಅನ್ನಿಸಿದರೆ ಏನು ಮಾಡ್ತೀರಿ?' ಅಂತ ತಿರುಗಿ ಕೇಳಿ. ಅದಕ್ಕೆ ಉತ್ತರ ಬರದಿದ್ದರೆ ನೀವು ಹೇಳಿದ್ದು ಅರ್ಥವಾಗಿಲ್ಲ.

ಹಾಜರಿ ಪುಸ್ತಕ: 13 ವರ್ಷದ ಮಕ್ಕಳಿಗೆ ಇಷ್ಟೆಲ್ಲ ತಿಳಿಯುತ್ತಾ? ಬೇಡ ಅನ್ನೋದು ಹೇಳಿಕೊಟ್ಟರೆ ಎಲ್ಲರೂ ಪದಬಂಧವನ್ನೇ ಬಿಡಿಸ್ತಾರೆ ನೋಡಿ.

ಇಬ್ಬರ ಅಮ್ಮ: ಎಲ್ಲರೂ ಅದನ್ನೇ ಬಿಡಿಸಿದರೆ ಪ್ರಶ್ನಾವಳಿ ಸರಿಯಿಲ್ಲ ಅಂತ ಅರ್ಥ ಸರ್.

ಎರಡನೇ ಬೆಂಚು: ಎರಡು ವಾರದ ನಂತರ ಬರೆಯುತ್ತಿದ್ದೇನೆ. ಕಮಿಟಿ ಒಪ್ಪಿದ ಮೇಲೆ ಶಾಲೆಯ ಆಫೀಸಿನಿಂದ ಫೋನ್ ಮಾಡಿಸಿದೆ. 31ರಲ್ಲಿ 26 ಮನೆಯವರು ಸಿಕ್ಕರು. 17 ಮನೆಯವರು ಪತ್ರವನ್ನೇ ನೋಡಿಲ್ಲ, ಮಕ್ಕಳ ಬ್ಯಾಗಿನಲ್ಲೇ ಉಳಿದಿತ್ತು. 6 ಮನೆಯವರು ಮರೆತಿದ್ದರು. 3 ಮನೆಯವರಿಗೆ ಇಷ್ಟವಿರಲಿಲ್ಲ, ಹೇಳೋಕೆ ಸಂಕೋಚ. ಗೈಡ್ ಹೇಳಿದ ಹಾಗೆ ಮಾಡಿದ್ದರೆ ಆ 17 ಮಕ್ಕಳು ಮನೆಯವರಿಗೆ ಗೊತ್ತಿಲ್ಲದೇ ಸೇರಿಬಿಡುತ್ತಿದ್ದರು. ಈ ಎಣಿಕೆ ತೋರಿಸಿದ ಮೇಲೆ ಅವರೂ ಒತ್ತಾಯ ಬಿಟ್ಟರು.

ಎರಡನೇ ಸಲ ಚಿಕ್ಕ ಪತ್ರ ಮಾಡಿದೆ. 'ಹೌದು', 'ಬೇಡ' ಎರಡಕ್ಕೂ ಒಂದೇ ಅಳತೆಯ ಚೌಕ. ಓದಲು ಕಷ್ಟ ಅಂದವರಿಗೆ ಸಾಕ್ಷಿಯೊಬ್ಬರ ಮುಂದೆ ಓದಿ ಹೇಳಿದೆವು. 15 'ಹೌದು', 4 'ಬೇಡ' ಬಂದವು. ಈಗ 80ಕ್ಕೆ 59.

ಲೆಕ್ಕದ ಮನುಷ್ಯ: ಬದಲಿ ಸೇರಿಸಿ ಅಂದಿದ್ದು ನನ್ನದೇ ತಪ್ಪು. ತಡವಾಗಿ ಬಂದ ಆ 15 ಜನರ ಉತ್ತರ ಬೇರೆಯಾಗಿ ಗುರುತು ಮಾಡಿ. ಮೊದಲ 44ಕ್ಕಿಂತ ಅವರಲ್ಲಿ ಕಾಟ ಜಾಸ್ತಿ ಕಂಡರೆ, ಇನ್ನೂ ಬಾರದ 12ರ ಬಗ್ಗೆ ಸ್ವಲ್ಪ ಸುಳಿವು ಸಿಗುತ್ತದೆ. 15 ತೀರಾ ಸಣ್ಣ ಸಂಖ್ಯೆ, ಮುಖ್ಯ ಅಧ್ಯಯನದಲ್ಲೇ ಅದು ಸರಿಯಾಗಿ ಕಾಣೋದು. ಆದರೆ ಪುಸ್ತಿಕೆಯ ಮೇಲೆ ಕೋಡ್ ನಂಬರ್ ಬೇಕಾಗುತ್ತದೆ.

ಹಳೇ ಫೈಲು: ಕೋಡ್ ಹಾಕಿದರೆ ಇನ್ನೊಂದು ಪ್ರಶ್ನೆ ಬರುತ್ತದೆ. 'ದಿನಾ ಹೊಡೀತಾರೆ, ಶಾಲೆಗೆ ಬರೋಕೆ ಭಯ' ಅಂತ ಒಂದು ಮಗು ಬರೆದರೆ, ಅದು ಯಾರು ಅಂತ ನಿಮಗೆ ಗೊತ್ತಾಗುತ್ತದೆ. ಗೊತ್ತಾದ ಮೇಲೆ ಸುಮ್ನೆ ಕೂರುವ ಹಾಗಿಲ್ಲ. ಪುಸ್ತಿಕೆಗಳನ್ನು ಅದೇ ದಿನ ಯಾರು ಓದುತ್ತಾರೆ, ಯಾರಿಗೆ ಹೇಳುತ್ತಾರೆ ಅಂತ ಮೊದಲೇ ಬರೆದಿರಬೇಕು. 'ಯಾರಿಗೂ ಹೇಳಲ್ಲ' ಅಂತ ಮಕ್ಕಳಿಗೆ ಮಾತು ಕೊಡೋದಂತೂ ಸಾಧ್ಯವಿಲ್ಲ.

ಲೆಕ್ಕದ ಮನುಷ್ಯ: 'ಬೇಕಾದರೆ ಬೇರೆಯವರಿಗೆ ಹೇಳ್ತೀವಿ' ಅಂದರೆ ನಿಜ ಬರೆಯುವವರು ಕಡಿಮೆಯಾಗ್ತಾರೆ. ಕೋಡೇ ಬೇಡ, ಪೂರ್ತಿ ಅನಾಮಿಕವಾಗಿ ಮಾಡಿ. ತಡವಾಗಿ ಬಂದವರ ಪುಸ್ತಿಕೆಗೆ ಬೇರೆ ಚುಕ್ಕಿ ಹಾಕಿದರೆ ಸಾಕು.

ಇಬ್ಬರ ಅಮ್ಮ: ಆಗ ಆ ಮಗು ಬರೆದಿದ್ದನ್ನು ಓದಿ, ಯಾರು ಅಂತ ಗೊತ್ತಾಗದೇ ಮನೆಗೆ ಹೋಗ್ತೀರಾ?

ಎರಡನೇ ಬೆಂಚು: ಇಲ್ಲಿಗೆ ಬಂದು ನಿಂತಿದ್ದೇನೆ. ಸದ್ಯಕ್ಕೆ ಎರಡೂ ಬಗೆಯನ್ನು ಬರೆದು, ಯಾವುದರಿಂದ ಏನು ಕಳೆದುಕೊಳ್ಳುತ್ತೇವೆ ಅಂತ ಕಮಿಟಿಯ ಮುಂದೆ ಇಡ್ತೀನಿ. ಗುರುವಾರ ಸಭೆ.