ಆಪ್ಷನ್ ಎಂಟ್ರಿಗೆ ಮುಂಚೆ ದೂರ ನೋಡು

"ದೊಡ್ಡಮ್ಮ, ಪುಟ್ಟಿಗೆ ಸಿಇಟಿ ರ‍್ಯಾಂಕ್ ಬಂತು. ಎಂಜಿನಿಯರಿಂಗ್ ಹಾಸನದಲ್ಲೇ ಓದಿಸೋದಾ, ಬೆಂಗಳೂರಿಗೆ ಕಳಿಸೋದಾ? ಖರ್ಚು ನೆನೆಸಿಕೊಂಡರೆ ಭಯ. ಇಲ್ಲೇ ಇದ್ದರೆ ಮುಂದೆ ಕೆಲಸ ಸಿಗಲ್ವೇನೋ ಅಂತಲೂ ಭಯ."

ಸವಿತಾ, ನಮ್ಮ ಮಂಜನ ಕಥೆ ನಿನಗೆ ಪೂರ್ತಿ ಗೊತ್ತಿಲ್ಲ. ಅವನಿಗೆ ಸೀಟು ಸಿಕ್ಕಿದ್ದು ಕೆಂಗೇರಿ ಆಚೆ. ಉಳಿದದ್ದು ಬಾಣಸವಾಡಿಯಲ್ಲಿ, ಭಾವನ ಮನೆಯಲ್ಲಿ. ಬಾಡಿಗೆ ಉಳಿಯುತ್ತದೆ ಅಂತ ನಾವೇ ಖುಷಿಪಟ್ಟೆವು. ಮೆಜೆಸ್ಟಿಕ್‌ನಲ್ಲಿ ಬಸ್ ಬದಲಿಸಿ ಹೋಗೋಕೆ ಎರಡು ಗಂಟೆ, ಬರೋಕೆ ಎರಡು ಗಂಟೆ. ಆರು ದಿನಕ್ಕೆ ಇಪ್ಪತ್ತನಾಲ್ಕು ಗಂಟೆ. ವಾರದಲ್ಲಿ ಒಂದು ಇಡೀ ದಿನ ಮಗು ಬಸ್ಸಿನಲ್ಲೇ ಕಳೆಯಿತು. ಫೋನ್ ಮಾಡಿದರೆ ಎಂಟೂವರೆಗೇ ನಿದ್ದೆ ದನಿ. ನಾನು ಸುಸ್ತು ಅಂದುಕೊಂಡೆ. ಮೊದಲ ಸೆಮಿಸ್ಟರಲ್ಲೇ ಗಣಿತ ಬ್ಯಾಕ್ ಉಳಿಯಿತು. ಅದಕ್ಕೇ ಹೇಳುತ್ತೇನೆ, ಕಾಲೇಜು ನೋಡುವ ಮೊದಲು ಮಲಗುವ ಜಾಗಕ್ಕೂ ಕಾಲೇಜಿಗೂ ಎಷ್ಟು ಹೊತ್ತು ಅಂತ ನೋಡು.

ಆಮೇಲೆ ಕಾಲೇಜಿನ ಹತ್ತಿರವೇ ಸ್ನೇಹಿತರ ಜೊತೆ ಮನೆ ಮಾಡಿದ. ತಿಂಗಳಿಗೆ ಎಂಟು ಸಾವಿರ ಬಾಡಿಗೆ, ಹತ್ತು ತಿಂಗಳ ಅಡ್ವಾನ್ಸ್. ಎಂಬತ್ತು ಸಾವಿರ! ಕಾಫಿ ಮಾರಿದ ದುಡ್ಡು ಪೂರ್ತಿ ಅಲ್ಲಿಗೇ ಹೋಯಿತು. ಬಿಡುವಾಗ ಓನರ್ ಪೇಂಟು, ರಿಪೇರಿ ಅಂತ ಇಪ್ಪತ್ತು ಸಾವಿರ ಹಿಡಿದುಕೊಂಡರು. ಗೋಡೆಗೆ ಒಂದು ಮೊಳೆ ಹೊಡೆದಿರಲಿಲ್ಲ ನಮ್ಮ ಹುಡುಗರು. ನಿಮ್ಮ ದೊಡ್ಡಪ್ಪ ಮೂರು ಸಲ ಹೋಗಿ ಬಂದರು. ಒಂದು ಲೋಟ ನೀರೂ ಕೊಡಲಿಲ್ಲ ಅವರು. ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಭಾವನವರಾದರೂ ಒಂದು ಮಾತು ಆಡಬಹುದಿತ್ತು ಅಲ್ವಾ?

ಮತ್ತೆ ಹೇಳುತ್ತೇನೆ, ದೂರ ಮೊದಲು ನೋಡು. ನಿಮ್ಮ ದುದ್ದದಿಂದ ಹಾಸನಕ್ಕೆ ಪುಟ್ಟಿ ಮನೆಯಿಂದಲೇ ಹೋಗಿ ಬರಬಹುದು. ಶಕ್ತಿ ಯೋಜನೆ ಇದೆ, ಬಸ್ ಚಾರ್ಜೂ ಇಲ್ಲ. ಸಂಜೆ ಊಟ ಮಾಡಿ ಓದಲು ಕೂತರೆ ತಡೆಯುವವರಿಲ್ಲ. ಕಂಪನಿಗಳು ಬೆಂಗಳೂರಿನ ಕಾಲೇಜಿಗೆ ಜಾಸ್ತಿ ಬರುತ್ತವೆ, ಅದು ನಿಜ. ಆದರೆ ಎರಡೂ ವಿಟಿಯು ಕಾಲೇಜಾದರೆ ಡಿಗ್ರಿ ಕೊಡುವುದು ಅದೇ ಬೆಳಗಾವಿಯ ವಿಶ್ವವಿದ್ಯಾಲಯ. ಇಂಟರ್ನ್‌ಶಿಪ್ ಹೊತ್ತಿಗೆ ಬೆಂಗಳೂರಿಗೆ ಹೋಗಲಿ, ಆಗ ಕೆಲವೇ ತಿಂಗಳ ಪಿಜಿ ಖರ್ಚು. ಹಾಸನದಲ್ಲಿ ಅವಳಿಗೆ ಬೇಕಾದ ಬ್ರ್ಯಾಂಚಿನ ಫೈನಲ್ ಇಯರ್ ಮಕ್ಕಳನ್ನೇ ಕೇಳು, ಈ ವರ್ಷ ನಿಮ್ಮ ಕ್ಲಾಸಲ್ಲಿ ಎಷ್ಟು ಜನಕ್ಕೆ ಕೆಲಸ ಆಯಿತು ಅಂತ. ಕೈಬೆರಳಲ್ಲಿ ಎಣಿಸುವಷ್ಟು ಅಂದರೆ ಬೆಂಗಳೂರನ್ನೇ ಯೋಚಿಸು, ಕಾಲೇಜಿನ ಹಾಸ್ಟೆಲ್ ಸಿಗುವುದಾದರೆ ಮಾತ್ರ.

ಅಯ್ಯೋ, ಮುಖ್ಯವಾದದ್ದೇ ಮರೆತೆ. ಆಪ್ಷನ್ ಎಂಟ್ರಿಯಲ್ಲಿ ಸುಮ್ನೆ ಹೆಸರು ಕೇಳಿದ ಕಾಲೇಜುಗಳನ್ನು ಮೇಲೆ ಹಾಕಬೇಡ. ಸೀಟು ಸಿಕ್ಕ ಮೇಲೆ ಚಾಯ್ಸ್ ಎರಡು ಒತ್ತಿದರೆ ಮುಂದಿನ ಸುತ್ತಿನಲ್ಲಿ ಮೇಲಿನ ಕಾಲೇಜು ಬರಬಹುದು. ಬಂದರೆ ಮೊದಲು ಸಿಕ್ಕಿದ ಸೀಟು ತಾನಾಗೇ ಹೋಗುತ್ತದೆ, ವಾಪಸ್ ಸಿಗುವುದಿಲ್ಲ. ಹಾಸನವೇ ಸಾಕು ಅನಿಸಿದರೆ ಚಾಯ್ಸ್ ಒಂದು ಒತ್ತಿ ಫೀಸ್ ಕಟ್ಟಿಬಿಡು. ನಿಜವಾದ ಸೀಟು ಹಂಚುವ ಮೊದಲು ಅಣಕು ಹಂಚಿಕೆ ಬಂದಾಗ ಪಟ್ಟಿ ನನಗೆ ಕಳಿಸು, ಮಂಜನ ಹತ್ತಿರ ನೋಡಿಸುತ್ತೇನೆ. ಆಗ ಕ್ರಮ ಬದಲಿಸಲು ಅವಕಾಶ ಇರುತ್ತದೆ.