ಟ್ಯಾಲಿ ಎಂಟ್ರಿ ಮಾಡುವವರ ಮಣಿಕಟ್ಟು ನೋವಿಗೆ ಸ್ಪ್ಲಿಟ್ ಕೀಬೋರ್ಡೋ, ವರ್ಟಿಕಲ್ ಮೌಸೋ?

ವೋಚರ್ ವನಜಾ: ದಾವಣಗೆರೆಯಲ್ಲಿ ಆಡಿಟರ್ ಆಫೀಸಿನ ಕೆಲಸ, ದಿನಕ್ಕೆ ಆರೇಳು ತಾಸು ಟ್ಯಾಲಿ ಎಂಟ್ರಿ. ಮೂರು ತಿಂಗಳಿಂದ ಬಲಗೈ ಮಣಿಕಟ್ಟಿನಲ್ಲಿ, ಕಿರುಬೆರಳಿನ ಕಡೆ ನೋವು. ರಿಟರ್ನ್ ಹಾಕುವ 20ನೇ ತಾರೀಕು ಹತ್ತಿರ ಬಂದ ಹಾಗೆ ಜಾಸ್ತಿ. ಸ್ಪ್ಲಿಟ್ ಕೀಬೋರ್ಡ್ ತಗೊಳ್ಳಲೋ, ವರ್ಟಿಕಲ್ ಮೌಸ್ ತಗೊಳ್ಳಲೋ? ಎರಡಕ್ಕೂ ದುಡ್ಡಿಲ್ಲ.

ಬೆಸುಗೆ ಭಟ್ಟ: ಸ್ಪ್ಲಿಟ್. ಯೋಚನೆನೇ ಬೇಡ. ನಾನು 42 ಕೀಗಳ ಕಾರ್ನ್ ಕೀಬೋರ್ಡನ್ನು ಮನೆಯಲ್ಲೇ ಬೆಸುಗೆ ಹಾಕಿ ಮಾಡಿಕೊಂಡೆ. ಎರಡು ತುಂಡನ್ನು ಭುಜದಷ್ಟು ದೂರ ಇಟ್ಟು, ಹೆಬ್ಬೆರಳಿನ ಕಡೆ ಸ್ವಲ್ಪ ಎತ್ತರಿಸಿದ್ದೇನೆ. ಮೊದಲ ಮೂರು ವಾರ ಟೈಪಿಂಗ್ ಬಸವನಹುಳುವಿನ ಹಾಗಿತ್ತು, ಆಮೇಲೆ ಹಳೆ ಕೀಬೋರ್ಡ್ ಮುಟ್ಟಲೇ ಇಲ್ಲ.

ಹಳೇ ಕ್ಯಾಷಿಯರ್: 42 ಕೀನಲ್ಲಿ ಅಂಕಿ ಎಲ್ಲಿದೆ ಗುರು?

ಬೆಸುಗೆ ಭಟ್ಟ: ಲೇಯರ್‌ನಲ್ಲಿದೆ. ಹೆಬ್ಬೆರಳಲ್ಲಿ ಒಂದು ಕೀ ಒತ್ತಿ ಹಿಡಿದರೆ ಅಂಕಿ ಬರುತ್ತದೆ.

ಹಳೇ ಕ್ಯಾಷಿಯರ್: ಅವರು ಇಡೀ ದಿನ ಅಂಕಿನೇ ಹೊಡೆಯೋದು ಮಾರಾಯ.

ರವಿ_ಮೌಸ್‌ಪ್ಯಾಡ್: ಇದು ಮಣಿಕಟ್ಟಿನೊಳಗೆ ನರ ಒತ್ತಿಕೊಳ್ಳುವ ಕಾರ್ಪಲ್ ಟನಲ್, ನೂರಕ್ಕೆ ನೂರು. ವರ್ಟಿಕಲ್ ಮೌಸ್ ತಗೊಳ್ಳಿ ಮೇಡಂ. ಮಾಮೂಲಿ ಮೌಸ್ ಹಿಡಿದಾಗ ಅಂಗೈ ಕೆಳಗೆ ತಿರುಗಿ, ಮೊಣಕೈಯಿಂದ ಮಣಿಕಟ್ಟಿನವರೆಗೆ ಎರಡು ಮೂಳೆ ಒಂದರ ಮೇಲೊಂದು ಹೊರಳಿಕೊಳ್ಳುತ್ತವೆ. ಕೈಕುಲುಕುವ ಹಾಗೆ ಹಿಡಿದರೆ ಆ ತಿರುಚು ಹೋಗುತ್ತದೆ, ನರದ ಮೇಲಿನ ಒತ್ತಡವೂ ಹೋಗುತ್ತದೆ. ನನಗೆ ಒಂದೇ ತಿಂಗಳಲ್ಲಿ ಹೋಯಿತು.

ಫಿಸಿಯೋ ಶಾಂತಾ: ರವಿ ಅವರೇ, ಮೂಳೆಯ ಮಾತು ಸರಿ, ಕಾಯಿಲೆಯ ಹೆಸರು ಅನುಮಾನ. ವನಜಾ, ಮೂರು ವಿಷಯ ಹೇಳಿ. ಬೆರಳು ಜೋಮು ಹಿಡಿಯುತ್ತದಾ, ಹಿಡಿದರೆ ಯಾವ ಬೆರಳು? ರಾತ್ರಿ ನೋವಿಗೆ ಎಚ್ಚರ ಆಗುತ್ತದಾ? ದಿನಕ್ಕೆ ನಿಜವಾಗಿ ಮೌಸ್ ಎಷ್ಟು ಹಿಡಿಯುತ್ತೀರಿ?

ವೋಚರ್ ವನಜಾ: ಜೋಮು ಇಲ್ಲ. ರಾತ್ರಿ ಏನೂ ಇಲ್ಲ, ಭಾನುವಾರ ಕೂಡ ಕಡಿಮೆ. ಮೌಸ್ ಕಮ್ಮಿ, ಪೋರ್ಟಲ್‌ನಲ್ಲಿ ರಿಟರ್ನ್ ಹಾಕುವಾಗ ಅಷ್ಟೇ. ಟ್ಯಾಲಿಯಲ್ಲಿ ಎಲ್ಲ ಕೀಬೋರ್ಡೇ.

ಸುಮಂಗಲಾ_ಬ್ಯಾಂಕ್: ನನಗೆ ಜೋಮು ಇತ್ತು ತಂಗಿ. ಹೆಬ್ಬೆರಳು, ತೋರುಬೆರಳು, ನಡುಬೆರಳು. ರಾತ್ರಿ ಎರಡು ಗಂಟೆಗೆ ಎದ್ದು ಕೈ ಕೊಡವಬೇಕಿತ್ತು, ಬೆಳಿಗ್ಗೆ ಕಾಫಿ ಲೋಟ ಜಾರಿ ಬೀಳುತ್ತಿತ್ತು. ಡಾಕ್ಟರು ನರದ ಟೆಸ್ಟ್ ಮಾಡಿಸಿ, ಮಲಗುವಾಗ ಮಣಿಕಟ್ಟು ಮಡಚದ ಹಾಗೆ ಪಟ್ಟಿ ಕಟ್ಟಿಕೊಳ್ಳಿ ಅಂದರು. ಪಟ್ಟಿಯಿಂದಲೇ ಅರ್ಧ ಕಡಿಮೆ ಆಯಿತು. ಮಗ ತಂದುಕೊಟ್ಟ ವರ್ಟಿಕಲ್ ಮೌಸ್ ನನ್ನ ಸಣ್ಣ ಕೈಗೆ ದೊಡ್ಡದಾಗಿ ಹೆಬ್ಬೆರಳ ಬುಡ ನೋಯೋಕೆ ಶುರುವಾಯಿತು, ಈಗ ಅದು ಶೋಕೇಸಿನಲ್ಲಿದೆ.

ಫಿಸಿಯೋ ಶಾಂತಾ: ಸುಮಂಗಲಾ ಅವರು ಹೇಳಿದ್ದು ಕಾರ್ಪಲ್ ಟನಲ್‌ನ ಲಕ್ಷಣ. ವನಜಾ ಅವರದ್ದು ಹಾಗಿಲ್ಲ. ನಾವು ಎಲ್ಲದಕ್ಕೂ "ನರ" ಅಂತೀವಿ, ಆದರೆ ಕಿರುಬೆರಳ ಕಡೆ ನೋಯುವುದು ಹೆಚ್ಚಾಗಿ ನರ ಅಲ್ಲ, ಸ್ನಾಯುವನ್ನು ಮೂಳೆಗೆ ಕಟ್ಟಿರುವ ಹಗ್ಗ ಅಥವಾ ಅಲ್ಲಿನ ಕೀಲು. ಅಂಗೈ ಕಿರುಬೆರಳ ಕಡೆಗೆ ವಾಲಿಕೊಂಡೇ ದಿನವಿಡೀ ಕೆಲಸ ಮಾಡಿದರೆ ಅದು ಕೆರಳುತ್ತದೆ. ಸ್ಪ್ಲಿಟ್ ಕೀಬೋರ್ಡ್ ಬಿಡಿಸುವುದು ಈ ವಾಲುವಿಕೆಯನ್ನೇ. ಆದರೆ ಅದು ಅಕ್ಷರದ ಕೀಗಳನ್ನು ಬಿಡಿಸುತ್ತದೆ, ನಿಮ್ಮ ಬಲಗೈ ಅಕ್ಷರದ ಮೇಲೆ ಇರೋದೇ ಇಲ್ಲವಲ್ಲ! ನಂಬರ್ ಪ್ಯಾಡ್ ಮೇಲಿದೆ.

ದುಡ್ಡು ಹಾಕುವ ಮೊದಲು ಒಂದು ಕೆಲಸ ಮಾಡಿ. ನೀವು ಎಂಟ್ರಿ ಮಾಡುತ್ತಿರುವಾಗ ಪಕ್ಕದವರಿಗೆ ಹೇಳಿ ಮೇಲಿನಿಂದ ನೇರವಾಗಿ ಒಂದು ಫೋಟೋ ತೆಗೆಸಿ. ಮೊಣಕೈಯಿಂದ ಮಣಿಕಟ್ಟಿನ ನಡುವಿಗೆ ಒಂದು ಗೆರೆ ಎಳೆದು ಹಾಗೇ ಮುಂದುವರಿಸಿ. ಅದು ನಡುಬೆರಳಿನ ಮೇಲೆ ಹೋದರೆ ಕೈ ನೇರ ಇದೆ. ತೋರುಬೆರಳನ್ನೂ ದಾಟಿ ಹೆಬ್ಬೆರಳ ಕಡೆ ಹೋದರೆ ಅಂಗೈ ಕಿರುಬೆರಳ ಕಡೆ ವಾಲಿದೆ.

ರವಿ_ಮೌಸ್‌ಪ್ಯಾಡ್: ಅಂದರೆ ವರ್ಟಿಕಲ್ ಮೌಸ್ ಸುಮ್ನೆ ಅಂತೀರಾ? ನನಗೆ ಹೇಗೆ ಹೋಯಿತು ಹಾಗಾದರೆ?

ಫಿಸಿಯೋ ಶಾಂತಾ: ಸುಮ್ನೆ ಅಂತ ಹೇಳಿಲ್ಲ. ಕೈಯ ತಿರುಚು ಕಡಿಮೆ ಆಗಿ ಕೆಲವರಿಗೆ ಆರಾಮ ಸಿಗುತ್ತದೆ, ನಿಮಗೂ ಅದೇ ಆಗಿರಬಹುದು. ನರದ ಒತ್ತಡ ಹೋಗುತ್ತದೆ ಅನ್ನೋದಕ್ಕೆ ಮಾತ್ರ ನನ್ನ ತಕರಾರು. 2015ರ ಒಂದು ಅಧ್ಯಯನದಲ್ಲಿ ಕಾರ್ಪಲ್ ಟನಲ್ ಇರುವವರ ಮಣಿಕಟ್ಟಿನ ಒಳಗಿನ ಒತ್ತಡವನ್ನೇ ಅಳೆದು ನೋಡಿದರು. ವರ್ಟಿಕಲ್ ಮೌಸ್ ಹಿಡಿದಾಗ ಅಂಗೈ ವಾಲುವುದು ಕಡಿಮೆ ಆಯಿತು, ಒಳಗಿನ ಒತ್ತಡ ಇಳಿಯಲಿಲ್ಲ.

ರವಿ_ಮೌಸ್‌ಪ್ಯಾಡ್: ಅಧ್ಯಯನ ಇರಲಿ ಬಿಡಿ, ನನ್ನ ಕೈ ನನಗೆ ಗೊತ್ತು.

ವೋಚರ್ ವನಜಾ: ಫೋಟೋ ತೆಗೆಸಿದೆ. ಗೆರೆ ಹೆಬ್ಬೆರಳ ಬುಡದ ಮೇಲೆ ಹೋಗುತ್ತದೆ! ಟೇಬಲ್ ಬಲಗಡೆ ಬಿಲ್ಲಿನ ಕಟ್ಟು ಇಡುತ್ತೇನೆ, ಅದಕ್ಕೆ ಜಾಗ ಬೇಕು ಅಂತ ಕೀಬೋರ್ಡ್ ಎಡಕ್ಕೆ ತಳ್ಳಿದ್ದೇನೆ. ಹಾಗಾಗಿ ನಂಬರ್ ಪ್ಯಾಡ್ ಹೊಟ್ಟೆಯ ಎದುರಿಗೆ ಬಂದಿದೆ.

ಫಿಸಿಯೋ ಶಾಂತಾ: ಅಲ್ಲೇ ಇದೆ ನೋಡಿ. ಕೈ ಬಲಭುಜದಿಂದ ಓರೆಯಾಗಿ ಒಳಗೆ ಬರುತ್ತದೆ, ಕೀಗಳ ಸಾಲು ನೇರ ಇರುವುದರಿಂದ ಅಂಗೈ ಹೊರಕ್ಕೆ ತಿರುಗಲೇಬೇಕು. ಅದರ ಮೇಲೆ ಎಂಟರ್. ಅದು ಪ್ಯಾಡಿನ ಬಲ ಮೂಲೆಯಲ್ಲಿದೆ, ಕಿರುಬೆರಳು ಗಿಡ್ಡ, ಅದನ್ನು ಮುಟ್ಟಿಸಲು ಇಡೀ ಅಂಗೈ ಇನ್ನಷ್ಟು ವಾಲುತ್ತದೆ. ಒಂದು ವೋಚರಿಗೆ ಎಷ್ಟು ಎಂಟರ್ ಹೊಡೆಯುತ್ತೀರಿ?

ವೋಚರ್ ವನಜಾ: ಎಣಿಸಿದೆ, ಐಟಂ ಒಂದೇ ಇದ್ದರೂ ಹತ್ತಕ್ಕೆ ಕಮ್ಮಿ ಇಲ್ಲ. ದಿನಕ್ಕೆ 150 ವೋಚರ್. ಅಬ್ಬಾ, 1,500 ಸಲ ಕಿರುಬೆರಳು.

ಹಳೇ ಕ್ಯಾಷಿಯರ್: ಕೊನೆಯ ಫೀಲ್ಡ್‌ಗಳಲ್ಲಿ ತುಂಬೋದು ಏನೂ ಇಲ್ಲದಿದ್ದರೆ Ctrl+A ಹೊಡೆಯಿರಿ, ವೋಚರ್ ನೇರ ಸೇವ್ ಆಗುತ್ತದೆ. ಅದು ಎಡಗೈ ಕೆಲಸ. ಮೂರ್ನಾಲ್ಕು ಎಂಟರ್ ಅಲ್ಲೇ ಉಳಿಯಿತು.

ಫಿಸಿಯೋ ಶಾಂತಾ: ಒಳ್ಳೆ ಉಪಾಯ. ಬಿಲ್ಲಿನ ಕಟ್ಟನ್ನು ಎಡಕ್ಕೆ ಇಡಿ. ಆಮೇಲೆ ಬರೀ ನಂಬರ್ ಪ್ಯಾಡ್ ಬಿಡಿಯಾಗಿ ಸಿಗುತ್ತದೆ, ಸ್ಪ್ಲಿಟ್ ಕೀಬೋರ್ಡಿನ ಬೆಲೆಯ ಮುಂದೆ ಅದು ಏನೂ ಅಲ್ಲ. ಬಲಭುಜದ ನೇರಕ್ಕೆ ಇಟ್ಟು, ಕೈ ಯಾವ ಓರೆಯಲ್ಲಿ ಬರುತ್ತದೋ ಅದೇ ಓರೆಗೆ ಪ್ಯಾಡನ್ನೂ ತಿರುಗಿಸಿ. ನಿಮ್ಮ ಮಟ್ಟಿಗೆ ಸ್ಪ್ಲಿಟ್ ಅಂದರೆ ಇದೇ. ಎಂಟರ್‌ಗೆ ಕಿರುಬೆರಳು ಚಾಚದೆ ಇಡೀ ಕೈ ಸರಿಸಿ ಉಂಗುರಬೆರಳಲ್ಲಿ ಹೊಡೆಯಿರಿ. ಕೀಬೋರ್ಡಿನ ಹಿಂದಿನ ಕಾಲು ಎತ್ತಿದ್ದರೆ ಮಡಚಿ, ಅದು ಮಣಿಕಟ್ಟನ್ನು ಮೇಲಕ್ಕೆ ಬಗ್ಗಿಸುತ್ತದೆ. ಮೂರ್ನಾಲ್ಕು ವಾರದಲ್ಲಿ ಇಳಿಯದಿದ್ದರೆ, ಅಥವಾ ಬೀಗದ ಕೈ ತಿರುಗಿಸುವಾಗ ಒಳಗೆ ಟಕ್ ಅಂದರೆ ಮೂಳೆ ಡಾಕ್ಟರಿಗೆ ತೋರಿಸಿ, ಆಗ ಇದು ಟೇಬಲ್ ವಿಷಯ ಅಲ್ಲ.

ಬೆಸುಗೆ ಭಟ್ಟ: ಜೆಲ್ ಇರುವ ರಿಸ್ಟ್ ರೆಸ್ಟ್ ಹಾಕಿದರೆ?

ಫಿಸಿಯೋ ಶಾಂತಾ: ಹೊಡೆಯುವುದು ನಿಲ್ಲಿಸಿದಾಗ ಕೈ ಇಡೋಕೆ ಸರಿ. ಅದಕ್ಕೆ ಮಣಿಕಟ್ಟು ಊರಿಕೊಂಡು ಹೊಡೆದರೆ ಕೈ ಸರಿಯುವುದಿಲ್ಲ, ಮತ್ತೆ ವಾಲುವುದೇ.

ವೋಚರ್ ವನಜಾ: ಒಂಬತ್ತು ದಿನ ಆಯಿತು. ಬಿಲ್ಲು ಎಡಕ್ಕೆ, Ctrl+A ಅಭ್ಯಾಸ ಆಯಿತು. ಮಧ್ಯಾಹ್ನದವರೆಗೆ ನೋವಿಲ್ಲ, ಸಂಜೆ ಇದೆ. ಉಂಗುರಬೆರಳು ಮಾತ್ರ ಮಾತು ಕೇಳುತ್ತಿಲ್ಲ, ಕಿರುಬೆರಳೇ ಮೊದಲು ಓಡುತ್ತದೆ. ನಂಬರ್ ಪ್ಯಾಡ್ ಬಂತು, ಆದರೆ ಸಿಕ್ಕಿಸಲು ಯುಎಸ್‌ಬಿ ಖಾಲಿ ಇಲ್ಲ. ಪ್ರಿಂಟರ್, ಕೀಬೋರ್ಡ್, ಮೌಸ್, ಕ್ಲೈಂಟ್‌ಗಳ ಡಿಜಿಟಲ್ ಸಹಿ ಇರುವ ಡಿಎಸ್‌ಸಿ ಟೋಕನ್.

ಹಳೇ ಕ್ಯಾಷಿಯರ್: ಒಂದು ಹಬ್ ತಗೊಳ್ಳಿ. ಟೋಕನ್ ಮಾತ್ರ ಹಬ್‌ಗೆ ಹಾಕಬೇಡಿ, ಅದನ್ನು ನೇರ ಸಿಪಿಯುಗೇ ಇಡಿ.